ಒಂದು ಸೀಟಿ, ಏಳು ಸ್ಲೈಡು

ಮಿತವ್ಯಯದ ಉಪದೇಶ ಮಾಡುವವರಿಗೆ ನಮ್ಮಲ್ಲಿ ಎಂದೂ ಬರವಿದ್ದುದಿಲ್ಲ. ಹಿಂದೆ ಈ ಕೆಲಸವನ್ನು ಮನೆಯ ಹಿರಿಯರು ಊಟದ ಪಂಕ್ತಿಯಲ್ಲಿ ಮಾಡುತ್ತಿದ್ದರು. ಕೇಳುವವರು ತಲೆ ತಗ್ಗಿಸಿ ಅನ್ನ ಕಲಸುತ್ತ ಕೇಳುತ್ತಿದ್ದರು. ಈಗ ಅದು ಅಂಗೈಯಗಲದ ಫೋನಿಗೆ ಬಂದಿದೆ. ಒಂದರ ಪಕ್ಕ ಒಂದರಂತೆ ಜೋಡಿಸಿದ ಚಿತ್ರಗಳ ಸಾಲು. ಬೆರಳಿನಿಂದ ಸರಿಸಿದರೆ ಮುಂದಿನದು ಬರುತ್ತದೆ. ಇದಕ್ಕೆ ಕ್ಯಾರೊಸೆಲ್ ಎಂದು ಹೆಸರು, ಅದರ ಒಂದೊಂದು ಚಿತ್ರಕ್ಕೆ ಸ್ಲೈಡು ಎಂದು ಹೆಸರು. ಇನ್‌ಸ್ಟಾಗ್ರಾಂ ಈ ಸೌಕರ್ಯವನ್ನು 2017ರಲ್ಲಿ ತಂದಾಗ ಹತ್ತು ಚಿತ್ರಗಳಿಗೆ ಅವಕಾಶವಿತ್ತು. 2024ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿತು. ಉಪದೇಶಕರಿಗೆ ಇಪ್ಪತ್ತು ಚಿತ್ರ ಕೊಟ್ಟರೆ ಇಪ್ಪತ್ತೊಂದು ಉಪದೇಶ ಸಿದ್ಧವಾಗುವುದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇಂಥದೊಂದು ಸಾಲಿಗೆ ಕನ್ನಡ ಬರೆಯುವ ಕೆಲಸ ಕಳೆದ ವರ್ಷ ನನ್ನ ಪಾಲಿಗೆ ಬಂದಿತು. ನನ್ನ ತಂಗಿಯ ಮನೆ ಗುಂಜಿಯಲ್ಲಿದೆ. ಬೆಳಗಾವಿಯಿಂದ ರೈಲಿನಲ್ಲಿ ಹೊರಟರೆ ಖಾನಾಪುರವನ್ನು ದಾಟಿದ ಮೇಲೆ, ಲೋಂಡಾ ಬರುವ ಮೊದಲು, ಕಾಡು ಎರಡೂ ಕಡೆ ಒತ್ತಿಕೊಂಡು ಬರುವಲ್ಲಿ ಆ ಊರು. ಅಲ್ಲಿನ ಹೆಂಗಸರ ಒಂದು ಸ್ವಸಹಾಯ ಸಂಘದ ಲೆಕ್ಕದ ಪುಸ್ತಕ ಆಕೆಯ ಕೈಯಲ್ಲಿದೆ. ಸಂಘದ ಹೆಸರಿನಲ್ಲಿ ಇನ್‌ಸ್ಟಾಗ್ರಾಂ ಪುಟವೊಂದನ್ನು ತೆರೆದವನು ಪಿಯುಸಿ ಓದುತ್ತಿರುವ ನನ್ನ ಸೋದರಳಿಯ. ಸಂಘದ ಹೆಂಗಸರಿಗೆ ಹಣ ಉಳಿಸುವ ಬಗೆಯನ್ನು ತಿಳಿಸಬೇಕೆಂದು ಅವನು ಹತ್ತು ಸ್ಲೈಡುಗಳನ್ನು ಅಲ್ಲಿಂದ ಇಲ್ಲಿಂದ ಸಂಗ್ರಹಿಸಿ ಸಿದ್ಧಪಡಿಸಿದ್ದ. ಮೊದಲನೆಯದರ ಮೇಲೆ ಕೆಂಪು ಅಕ್ಷರಗಳಲ್ಲಿ ‘ತಿಂಗಳಿಗೆ 500 ರೂಪಾಯಿ ಉಳಿಸಿ!!’ ಎಂದಿತ್ತು. ಒಳಗೆ ಗ್ಯಾಸಿನ ಮಾತು, ದೀಪದ ಮಾತು, ತರಕಾರಿಯ ಮಾತು, ಬ್ಯಾಂಕಿನ ಮಾತು. ಸಂತೆಯಲ್ಲಿ ಕೈತಪ್ಪಿದ ಮಕ್ಕಳಂತೆ ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿದ್ದವು.

ತಂಗಿಗೆ ಅದು ಹಿಡಿಸಲಿಲ್ಲ. “ಅಣ್ಣಾ, ಇದನ್ನ ಹಾಕಿದ್ರ ಸಂಘದಾಗಿನ ಹೆಣ್ಣಮಕ್ಕಳು ನಾಳೆ ನನ್ನನ್ನ ಕೇಳ್ತಾರ, ಐದನೂರು ಎಲ್ಲೈತಿ ತೋರಸು ಅಂತ. ನಾ ಏನ್ ತೋರಸ್ಲಿ?” ಎಂದಳು. ಆಕೆಯ ಅಂಜಿಕೆಗೆ ಕಾರಣವಿತ್ತು. ಹಿಂದಿನ ವರ್ಷವಷ್ಟೇ ಸಂಘದ ಇಬ್ಬರು ಹೆಂಗಸರು ಫೋನಿನಲ್ಲಿ ಬಂದ ಯಾವುದೋ ಲಾಭದ ಮಾತನ್ನು ನಂಬಿ ಕೂಡಿಟ್ಟ ಹಣವನ್ನು ಕಳೆದುಕೊಂಡಿದ್ದರು. ಅಂದಿನಿಂದ ಫೋನಿನಲ್ಲಿ ಕಾಣುವ ದುಡ್ಡಿನ ಮಾತೆಂದರೆ ಅವರಿಗೆ ಸಂಶಯ. ವಾರವಾರವೂ ಅವರ ಉಳಿತಾಯವನ್ನು ಎಣಿಸಿ ಬರೆದುಕೊಳ್ಳುವ ಕೈಯೇ ಸುಳ್ಳು ಅಂಕಿಯೊಂದನ್ನು ಪ್ರಕಟಿಸಿದರೆ ಪುಸ್ತಕದಲ್ಲಿರುವ ಅಂಕಿಗಳ ಗತಿ ಏನಾದೀತು?

“ಮಾಮಾ, ನೀವು ಕನ್ನಡ ಎಂ.ಎ. ಅಲ್ಲೇನ್ರೀ? ನೀವ ಬರೀರಿ” ಎಂದು ಅಳಿಯ ನನಗೆ ಫೋನನ್ನು ಕೊಟ್ಟ.

ಹತ್ತರಲ್ಲಿ ಒಂದನ್ನು ಉಳಿಸಿಕೊಂಡು ಒಂಬತ್ತನ್ನು ಬಿಡುವುದು ಮೊದಲ ಕೆಲಸವಾಯಿತು. ಯಾವುದನ್ನು ಉಳಿಸಬೇಕು? ಓದಿದವಳು ಅಂದೇ ಮಾಡಬಲ್ಲಂಥದು, ಹೊಸದೇನನ್ನೂ ಕೊಳ್ಳಬೇಕಾಗಿಲ್ಲದಂಥದು, ಮಾಡಿದ ಮೇಲೆ ಫಲ ಬಂದಿತೋ ಇಲ್ಲವೋ ಎಂದು ತಾನೇ ಅಳೆದು ನೋಡಬಲ್ಲಂಥದು ಆಗಬೇಕು. ಆ ಹತ್ತರಲ್ಲಿ ಈ ಮೂರೂ ಲಕ್ಷಣಗಳಿದ್ದುದು ಒಂದಕ್ಕೇ: ಕುಕ್ಕರಿನ ಮೊದಲ ಸೀಟಿ ಆದ ಕೂಡಲೆ ಒಲೆಯ ಉರಿಯನ್ನು ಸಣ್ಣದು ಮಾಡುವುದು.

ಇದರ ಕಾರಣವನ್ನು ಅರಿಯದೆ ಬರೆಯುವುದು ಮೇಷ್ಟರ ಜಾತಿಗೆ ಒಗ್ಗದ ಮಾತು. ನೀರು ಕುದಿಯಲಾರಂಭಿಸಿದ ಮೇಲೆ ಎಷ್ಟು ಉರಿ ಹಾಕಿದರೂ ಅದರ ಶಾಖ ಏರುವುದಿಲ್ಲ. ಹೆಚ್ಚಿನ ಉರಿಯೆಲ್ಲ ಹಬೆಯಾಗಿ ಹೋಗುತ್ತದೆ. ಕುಕ್ಕರಿನೊಳಗೆ ಹಬೆಯನ್ನು ಕೂಡಿಹಾಕುವುದರಿಂದ ಒತ್ತಡ ಹೆಚ್ಚಿ ನೀರು 100ರ ಬದಲು ಸುಮಾರು 120 ಡಿಗ್ರಿಯವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುವುದು ಅದರಿಂದ. ಆ ಒತ್ತಡವನ್ನು ತಲುಪಿದಾಗ ಮೇಲಿನ ತೂಕ ಎದ್ದು, ಹೆಚ್ಚಾದ ಹಬೆಯನ್ನು ಹೊರಗೆ ಬಿಡುತ್ತದೆ. ಅದೇ ಸೀಟಿ. ಮೊದಲ ಸೀಟಿ ಒಳಗೆ ಬೇಕಾದಷ್ಟು ಶಾಖ ಸೇರಿತೆಂಬ ಸುದ್ದಿ. ಅನಂತರದ ಸೀಟಿಗಳು ಬೇಡದ ಶಾಖ ಹೊರಗೆ ಹೋಗುತ್ತಿದೆಯೆಂಬ ಸುದ್ದಿ. ಹಬೆಯೆಂದರೆ ಬರಿಯ ಗಾಳಿಯಲ್ಲ. ಮಂಜಿನಷ್ಟು ತಣ್ಣಗಿರುವ ಒಂದು ಲೋಟ ನೀರನ್ನು ಕುದಿಯುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಕುದಿಯುವ ಅದೇ ಲೋಟ ನೀರನ್ನು ಪೂರ್ತಿ ಹಬೆ ಮಾಡಲು ಅದರ ಐದು ಪಟ್ಟಿಗಿಂತ ಹೆಚ್ಚು ಬೇಕು. ಐದು ಸೀಟಿ ಹೊಡೆಸುವ ಅಡುಗೆಮನೆಯಲ್ಲಿ ಸಿಲಿಂಡರಿನ ಒಂದಂಶ ಕಿಟಕಿಯಿಂದ ಹೊರಗೆ ಹೋಗುತ್ತಿರುತ್ತದೆಂದರೆ ಅದು ಅಲಂಕಾರದ ಮಾತಲ್ಲ.

ಆದರೆ ಆ ಅಂಶ ಎಷ್ಟು? ಇದನ್ನು ಊಹಿಸುವುದಕ್ಕೆ ತಂಗಿ ಒಪ್ಪಲಿಲ್ಲ. ದೀಪಾವಳಿಯ ನೆಂಟರು ಹೋದ ಮೇಲೆ ಆಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಾರಂಭಿಸಿದಳು. ಐದು ಜನರ ಮನೆ; ದಿನಕ್ಕೆ ಎರಡು ಹೊತ್ತು ಅನ್ನ, ಬೇಳೆ; ಸ್ನಾನದ ನೀರು ಹೊರಗಿನ ಹಂಡೆಯಲ್ಲಿ, ಕಟ್ಟಿಗೆಯ ಮೇಲೆ. ಒಂದು ಸಿಲಿಂಡರನ್ನು ಹಳೆಯ ಪದ್ಧತಿಯಂತೆ ಸೀಟಿ ಎಣಿಸಿ ಸುಟ್ಟಳು, ಮುಂದಿನದನ್ನು ಉರಿ ಸಣ್ಣ ಮಾಡಿ. ಮತ್ತೆ ಹಳೆಯದು, ಮತ್ತೆ ಹೊಸದು. ಹಳೆಯ ಪದ್ಧತಿಯವು 37 ಮತ್ತು 39 ದಿನ ಬಂದವು. ಹೊಸ ಪದ್ಧತಿಯವು 41 ಮತ್ತು 43. ಹೀಗೆ ಒಂದು ಬಿಟ್ಟು ಒಂದು ಮಾಡಿದ್ದರಲ್ಲಿ ಜಾಣತನವಿದೆ. ಚಳಿ ಕಳೆದು ಬೇಸಗೆ ಬಂದಂತೆ ನೀರು ತಾನಾಗಿಯೇ ಬೆಚ್ಚಗಿರುವುದರಿಂದ ಗ್ಯಾಸು ಕಡಿಮೆ ಸಾಕಾಗುತ್ತದೆ. ಹಳೆಯ ಪದ್ಧತಿಯಲ್ಲೇ 37 ಇದ್ದುದು 39 ಆಗಿರುವುದನ್ನು ನೋಡಿ. ಹಳೆಯವೆರಡನ್ನು ಮೊದಲು, ಹೊಸವೆರಡನ್ನು ಕೊನೆಗೆ ಸುಟ್ಟಿದ್ದರೆ ಬಿಸಿಲಿನ ಪುಣ್ಯವೂ ಉರಿಯ ಖಾತೆಗೆ ಜಮೆಯಾಗುತ್ತಿತ್ತು. ಆಕೆಗೆ ಇದನ್ನು ಯಾರೂ ಕಲಿಸಿದ್ದಲ್ಲ. “ಎರಡೂ ಕೂಸಿಗೆ ಬಿಸಲು ಒಂದ ಇರಬೇಕಲ್ಲಣ್ಣಾ” ಎಂದಳು, ಅಷ್ಟೆ.

ಸರಾಸರಿ 38 ದಿನ ಬರುತ್ತಿದ್ದುದು 42 ದಿನ ಬಂದಿತು. ವರ್ಷದ 365 ದಿನಗಳನ್ನು 38ರಿಂದ ಭಾಗಿಸಿದರೆ ಒಂಬತ್ತೂವರೆ ಸಿಲಿಂಡರಿಗಿಂತ ಸ್ವಲ್ಪ ಹೆಚ್ಚು. 42ರಿಂದ ಭಾಗಿಸಿದರೆ ಎಂಟು ಮುಕ್ಕಾಲಿಗೆ ಸ್ವಲ್ಪ ಕಡಿಮೆ. ಅಂತರ ಒಂದು ಸಿಲಿಂಡರಿಗೆ ತುಸು ಕೊರತೆ. ಲೆಕ್ಕಕ್ಕೆಂದು ಸಿಲಿಂಡರಿನ ಬೆಲೆಯನ್ನು 900 ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ ಸುಮಾರು 820 ರೂಪಾಯಿ, ತಿಂಗಳಿಗೆ ಎಪ್ಪತ್ತರ ಒಳಗೆ. ಅಳಿಯನ ಐದುನೂರನ್ನು ಈ ಅಳತೆಗೋಲಿನ ಪಕ್ಕದಲ್ಲಿ ನಿಲ್ಲಿಸಿ ನೋಡಿದೆವು. ಅದೇ ಬೆಲೆಯಲ್ಲಿ ಆ ಮನೆಯ ತಿಂಗಳ ಗ್ಯಾಸಿನ ಖರ್ಚೇ 710 ರೂಪಾಯಿ. ಅದರಲ್ಲಿ 500 ಉಳಿಸಬೇಕಾದರೆ ವಾರದಲ್ಲಿ ಐದು ದಿನ ಉಪವಾಸ ಮಾಡಬೇಕು!

ಅಳಿಯನ ಮುಖ ಸಣ್ಣದಾಯಿತು. “ಎಪ್ಪತ್ತು ರೂಪಾಯಿ ಅಂದ್ರ ಯಾರ್ ಓದ್ತಾರ ಮಾಮಾ?” ಎಂದ. ಪ್ರಶ್ನೆ ಸುಳ್ಳಲ್ಲ. ಮೊದಲ ಸ್ಲೈಡು ಅಂಗಡಿಯ ಹಲಗೆಯಿದ್ದಂತೆ. ದಾರಿಹೋಕನನ್ನು ನಿಲ್ಲಿಸದಿದ್ದರೆ ಒಳಗಿನ ಸರಕಿಗೆ ಬೆಲೆಯಿಲ್ಲ. ಆದರೆ ಅದೇ ಸತ್ಯವನ್ನು ಮೂರು ಬಗೆಯಲ್ಲಿ ಹೇಳಬಹುದು: ದಿನಕ್ಕೆ ಎರಡೂಕಾಲು ರೂಪಾಯಿ, ತಿಂಗಳಿಗೆ ಅರುವತ್ತೆಂಟು, ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸಿಲಿಂಡರು. ಮೂರನೆಯದು ಕಣ್ಣಿಗೆ ಕಟ್ಟುತ್ತದೆ. ಅದನ್ನು ಎತ್ತಿ, ಹೊತ್ತು, ಜೋಡಿಸಿದವರಿಗೆ ಅದರ ತೂಕ ಗೊತ್ತು. ಅಲ್ಲದೆ ಅದರಲ್ಲಿ ಬೆಲೆಯ ಗೊಡವೆಯಿಲ್ಲ. ಸ್ಲೈಡುಗಳ ವಿಷಯದಲ್ಲಿ ಇದು ದೊಡ್ಡ ಅನುಕೂಲ. ಚಿತ್ರದೊಳಗೆ ಬರೆದ ಅಕ್ಷರವನ್ನು ಪ್ರಕಟಿಸಿದ ಮೇಲೆ ತಿದ್ದಲಾಗದು. ಚಿತ್ರಗಳ ಕೆಳಗಿನ ಟಿಪ್ಪಣಿಯನ್ನಾದರೋ ಯಾವಾಗ ಬೇಕಾದರೂ ತಿದ್ದಬಹುದು. ಗ್ಯಾಸಿನ ಬೆಲೆಯಂತೆ ಬದಲಾಗುವುದೆಲ್ಲ ಟಿಪ್ಪಣಿಗೆ. ನೀರಿನ ಗುಣದಂತೆ ಬದಲಾಗದ್ದು ಚಿತ್ರಕ್ಕೆ. ಹೀಗೆ ಗೊತ್ತುಮಾಡಿಕೊಂಡ ಮೇಲೆ ಹಲಗೆಯ ಬರಹ ತಾನಾಗಿ ಬಂದಿತು: ‘ಕುಕ್ಕರ್ ಅದೇ. ಅಡುಗೆ ಅದೇ. ನಮ್ಮ ಮನೆಯಲ್ಲಿ ವರ್ಷಕ್ಕೆ ಸುಮಾರು ಒಂದು ಸಿಲಿಂಡರ್ ಉಳಿತಾಯ.’ ‘ನಮ್ಮ ಮನೆಯಲ್ಲಿ’ ಎಂಬ ಎರಡು ಮಾತುಗಳನ್ನು ತೆಗೆದರೆ ಅಕ್ಷರ ದೊಡ್ಡದಾಗುತ್ತದೆಂದು ಅಳಿಯ ವಾದಿಸಿದ. ನಾವು ಬಿಡಲಿಲ್ಲ. ಆ ಎರಡು ಮಾತುಗಳೇ ತಂಗಿಯ ಮಾನವನ್ನು ಕಾಯುತ್ತಿದ್ದುವು.

ಎರಡನೆಯ ಸ್ಲೈಡಿನಲ್ಲಿ ಕಾರಣವನ್ನು ವಿವರಿಸಿ ಉಪಾಯವನ್ನು ಕೊನೆಗೆ ಇಡೋಣವೇ? ಕಾದಂಬರಿಯಾದರೆ ಹಾಗೆಯೇ ಮಾಡಬೇಕು. ಈ ವಾರ ಕುತೂಹಲ, ಮುಂದಿನ ವಾರ ಪರಿಹಾರ. ಇಲ್ಲಿ ಹಾಗಲ್ಲ. ಬೆರಳು ಎಲ್ಲಿ ನಿಂತೀತೆಂದು ಹೇಳಲಾಗದು. ಮೂರನೆಯದಕ್ಕೆ ಬಾರದವರೇ ಬಹಳ. ಅಲ್ಲದೆ ಮೊದಲ ಚಿತ್ರವನ್ನು ದಾಟಿಹೋದವರಿಗೆ ಇನ್‌ಸ್ಟಾಗ್ರಾಂ ಅದೇ ಸಾಲನ್ನು ಇನ್ನೊಮ್ಮೆ ತೋರಿಸುವಾಗ ಎರಡನೆಯ ಚಿತ್ರವನ್ನೇ ಮುಂದಿಡುವುದುಂಟು. ಆದ್ದರಿಂದ ಎರಡನೆಯದು ಮೊದಲನೆಯದರ ಬೆಂಬಲವಿಲ್ಲದೆ ತಾನೇ ನಿಲ್ಲಬೇಕು, ಉಪಾಯದ ತಿರುಳು ಅಲ್ಲಿಯೇ ಇರಬೇಕು: ‘ಮೊದಲ ಸೀಟಿ ಆದ ಕೂಡಲೆ ಉರಿ ಸಣ್ಣ ಮಾಡಿ.’ ಅಷ್ಟೆ. ಉಳಿದ ಜಾಗವನ್ನು ಖಾಲಿ ಬಿಟ್ಟೆವು. ಇಷ್ಟನ್ನೇ ಓದಿ ಫೋನನ್ನು ಕೆಳಗಿಟ್ಟವಳೂ ತನಗೆ ಬೇಕಾದುದನ್ನು ಪಡೆದಳು.

ಇಲ್ಲಿ ‘ಸೀಟಿ’ ಎಂಬ ಪದಕ್ಕೆ ಸ್ವಲ್ಪ ಜಗ್ಗಾಟವಾಯಿತು. ಮೈಸೂರು ಕಡೆಯವರಿಗೆ ಕುಕ್ಕರು ಕೂಗುತ್ತದೆ, ಇಲ್ಲವೆ ವಿಷಲ್ ಹಾಕುತ್ತದೆ. ಖಾನಾಪುರದ ಹಳ್ಳಿಗಳಲ್ಲಿ ಮರಾಠಿಯ ಬಳಕೆ ಬಹಳವಾದ್ದರಿಂದ ಶಿಟ್ಟಿ ಎಂದೂ ಕೇಳಿಬರುತ್ತದೆ. ನಿಘಂಟಿನ ಕಡೆ ಕೈಹಾಕಿ ‘ಸಿಳ್ಳು’ ಎಂದು ಬರೆದರೆ ಕುಕ್ಕರಿಗಿಂತ ಪುಂಡ ಹುಡುಗರ ನೆನಪಾಗುತ್ತದೆ. ಓದುವವರು ಯಾರೆಂದು ಗೊತ್ತಿದ್ದಾಗ ಅವರ ಅಡುಗೆಮನೆಯ ಮಾತೇ ಪ್ರಮಾಣ, ಸೀಟಿಯೇ ಉಳಿಯಿತು.

ಒಂದು ಸ್ಲೈಡಿಗೆ ಒಂದೇ ವಿಚಾರ ಎಂಬ ನಿಯಮವನ್ನು ಎಲ್ಲರೂ ಹೇಳುತ್ತಾರೆ. ಒಂದೇ ಆಗಿದೆಯೆಂದು ತಿಳಿಯುವ ಬಗೆಯನ್ನು ಹೇಳುವವರು ಕಡಿಮೆ. ನಾವು ಹಿಡಿದ ಪರೀಕ್ಷೆ ಸುಲಭವಾದುದು. ಬರೆದುದನ್ನು ತಂಗಿಗೆ ಒಮ್ಮೆ ತೋರಿಸಿ, ಫೋನನ್ನು ಮಗುಚಿಟ್ಟು, “ಏನಂತ?” ಎಂದು ಕೇಳುವುದು. ಉತ್ತರದಲ್ಲಿ “ಮತ್ತ” ಎಂಬ ಮಾತು ಬಂದರೆ ಅಲ್ಲಿ ಎರಡು ವಿಚಾರಗಳಿವೆಯೆಂದು ಅರ್ಥ. ಮೂರನೆಯ ಸ್ಲೈಡಿನಲ್ಲಿ ಕಾರಣವನ್ನು ‘ಸೀಟಿ ಎಂದರೆ ಹೊರಗೆ ಹೋಗುವ ಹಬೆ. ಆ ಹಬೆಗೆ ಖರ್ಚಾದದ್ದು ನಿಮ್ಮ ಗ್ಯಾಸು’ ಎಂದು ಬರೆದಾಗ ಆಕೆ ಒಂದೇ ಉಸಿರಿನಲ್ಲಿ, “ಸೀಟಿ ಅಂದ್ರ ರೊಕ್ಕ ಹೋದಂಗ” ಎಂದಳು. ಅದು ಉತ್ತೀರ್ಣವಾಯಿತು. ಮುಂದಿನದರಲ್ಲಿ ‘ಸೀಟಿಯ ಬದಲು ನಿಮಿಷ ಎಣಿಸಿ, ಸದ್ದನ್ನು ಗಮನಿಸಿ, ಆರಿಸಿದ ಮೇಲೆ ತೂಕವನ್ನು ಎತ್ತಬೇಡಿ’ ಎಂದು ಅಳಿಯ ಸೇರಿಸಿದ್ದ. ಉತ್ತರದಲ್ಲಿ ಎರಡು “ಮತ್ತ” ಬಂದುವು. ಅದನ್ನು ಒಡೆದು ಎರಡು ಮಾಡಿದೆವು, ಮೂರನೆಯ ಮಾತನ್ನು ಟಿಪ್ಪಣಿಗೆ ಇಳಿಸಿದೆವು.

ನಾಲ್ಕನೆಯದು: ‘ಇನ್ನು ಸೀಟಿ ಎಣಿಸಬೇಡಿ, ನಿಮಿಷ ಎಣಿಸಿ. ಅನ್ನಕ್ಕೆ 5, ತೊಗರಿಬೇಳೆಗೆ 10.’ ಈ ಅಂಕಿಗಳು ತಂಗಿಯ ಒಲೆಯವು. ಬೇಳೆ ಹಳೆಯದಾಗಿದ್ದರೆ, ನೆನೆಸಿರದಿದ್ದರೆ ಇನ್ನೂ ನಾಲ್ಕೈದು ನಿಮಿಷ ಹಿಡಿದೀತು. ಅದನ್ನು ಟಿಪ್ಪಣಿಯಲ್ಲಿ ಬರೆದೆವು. ಐದನೆಯದು ನನ್ನ ದೃಷ್ಟಿಯಲ್ಲಿ ಇಡೀ ಸಾಲಿನಲ್ಲಿಯೇ ಮುಖ್ಯವಾದುದು. ಏಕೆಂದರೆ ಈ ಉಪಾಯ ಕೆಡುವುದು ಅಲ್ಲಿಯೇ. ಉರಿಯನ್ನು ತೀರ ಸಣ್ಣದು ಮಾಡಿದರೆ ಒಳಗಿನ ಒತ್ತಡ ಇಳಿದುಹೋಗುತ್ತದೆ, ಬೇಳೆ ಕಾಳುಕಾಳಾಗಿ ಉಳಿಯುತ್ತದೆ, ಮತ್ತೆ ಕುಕ್ಕರು ಏರಿಸಬೇಕಾಗುತ್ತದೆ. ಉಳಿದ ಗ್ಯಾಸಿಗೆ ಎರಡರಷ್ಟು ಹೋಗುತ್ತದೆ. ಒಮ್ಮೆ ಹೀಗಾದ ಹೆಂಗಸು ಮರುದಿನವೇ ಐದು ಸೀಟಿಗೆ ಮರಳುವಳು. ಸರಿಯಾದ ಉರಿಯ ಗುರುತು ಕಿವಿಗೆ ತಿಳಿಯುತ್ತದೆ: ತೂಕದ ಕೆಳಗಿಂದ ಸುಸ್ಸೆಂಬ ಮೆಲುದನಿ ಬರುತ್ತಿರಬೇಕು, ಸೀಟಿ ಆಗಬಾರದು. ‘ಸುಸ್ ಎಂದರೆ ಸರಿ. ಸದ್ದೇ ಇಲ್ಲವೇ? ಉರಿ ತುಸು ಏರಿಸಿ’ ಎಂದು ಬರೆದೆವು. ಸದ್ದು ತೂಕದಿಂದ ಬಾರದೆ ಮುಚ್ಚಳದ ಅಂಚಿನಿಂದ ಬರುತ್ತಿದ್ದರೆ ರಬ್ಬರ್ ರಿಂಗು ಸವೆದಿದೆಯೆಂದು ತಿಳಿಯಬೇಕು. ಅಂಥ ಕುಕ್ಕರಿಗೆ ಯಾವ ಉಪಾಯವೂ ನಡೆಯದು, ಮೊದಲು ರಿಂಗು ಬದಲಿಸಬೇಕು. ಬೇಳೆಗಾದರೆ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಹಬೆಯ ರಂಧ್ರ ಕಟ್ಟಿರಬಾರದು ಎಂಬ ಎಚ್ಚರಿಕೆಯನ್ನೂ ಟಿಪ್ಪಣಿಯ ಮೊದಲ ಸಾಲಿನಲ್ಲಿಯೇ ಇಟ್ಟೆವು.

ಕನ್ನಡದ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಇಂಗ್ಲಿಷಿಗೆಂದು ಮಾಡಿದ ಚೌಕಟ್ಟುಗಳಲ್ಲಿ ಸಾಲುಗಳ ನಡುವೆ ಜಾಗ ಕಡಿಮೆ. ನಮ್ಮ ಒತ್ತಕ್ಷರಗಳು ಕೆಳಗೆ ಇಳಿಯುವುವು, ಮುಂದಿನ ಸಾಲಿನ ಗುಡಿಸುಗಳು ಮೇಲೆ ಏರುವುವು. ಎರಡೂ ಡಿಕ್ಕಿ ಹೊಡೆದು ‘ಉರಿ ಸಣ್ಣ’ದ ಣ ಒತ್ತು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತಿತ್ತು. ಸಾಲುಗಳ ಅಂತರವನ್ನು ಹೆಚ್ಚಿಸಿ, ಅಕ್ಷರವನ್ನು ಒಂದು ಮಟ್ಟ ಇಳಿಸಬೇಕಾಯಿತು. ಉದ್ದ ಪದಗಳ ಕಾಟ ಬೇರೆ. ‘ಸಣ್ಣದಾಗಿಸಬೇಕಾಗುತ್ತದೆ’ ಎಂಬುದು ವ್ಯಾಕರಣಕ್ಕೆ ಒಂದು ಪದ, ಚಿತ್ರಕ್ಕೆ ಒಂದು ರೈಲು. ಫೋನು ಅದನ್ನು ಕಂಡಲ್ಲಿ ಕತ್ತರಿಸುತ್ತದೆ. ‘ಸಣ್ಣ ಮಾಡಿ’ ಎಂದರೆ ಮುಗಿಯಿತು. ಹನ್ನೆರಡು ಹದಿಮೂರು ಪದಗಳನ್ನು ಮೀರಿದ ಸ್ಲೈಡು, ಓಡುವ ಬಸ್ಸಿನಲ್ಲಿ ಕುಳಿತು ಓದುವವರಿಗೆ ದಕ್ಕುವುದಿಲ್ಲವೆಂದು ಅಳಿಯ ಹೇಳಿದ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪು ಮಾಡಿಟ್ಟಿದ್ದ ಒಂದು ಸಾಲನ್ನು ತಂದು ಅಂಟಿಸಿದಾಗ ಅದು ಗ್ರೀಕೂ ಅಲ್ಲದ ಕನ್ನಡವೂ ಅಲ್ಲದ ಚಿಹ್ನೆಗಳಾಗಿ ಒಡೆಯಿತು. ಯೂನಿಕೋಡಿನಲ್ಲಿ ಮತ್ತೆ ಬರೆದ ಮೇಲೆ ಸರಿಹೋಯಿತು.

ಆರನೆಯ ಸ್ಲೈಡಿನಲ್ಲಿ ಕ್ಯಾಲೆಂಡರಿನ ಲೆಕ್ಕವನ್ನು ಕೊಟ್ಟೆವು: ‘ಐದು ಜನರ ಮನೆ. ಮೊದಲು 38 ದಿನ. ಈಗ 42.’ ಇಬ್ಬರೇ ಇರುವ ಮನೆಯಲ್ಲಿ, ಈಗಾಗಲೇ ಒಂದೇ ಸೀಟಿಗೆ ಇಳಿಸುವ ಮನೆಯಲ್ಲಿ, ರೊಟ್ಟಿಯೇ ಹೆಚ್ಚಾಗಿ ಅನ್ನ ಕಡಿಮೆಯಾದ ಮನೆಯಲ್ಲಿ ಇಷ್ಟು ಉಳಿಯದು. ಅದನ್ನೂ ಟಿಪ್ಪಣಿಯಲ್ಲಿ ಮುಚ್ಚದೆ ಬರೆದೆವು.

ಉಳಿದುದು ಏಳನೆಯದು, ಕೊನೆಯ ಮಾತು. ‘ಇಷ್ಟವಾದರೆ ಲೈಕ್ ಮಾಡಿ, ಹತ್ತು ಜನಕ್ಕೆ ಕಳುಹಿಸಿ, ನಮ್ಮನ್ನು ಹಿಂಬಾಲಿಸಿ’ ಎಂದು ಅಳಿಯನ ಮೂಲಪ್ರತಿಯಲ್ಲಿತ್ತು. ಮೂರು ಬೇಡಿಕೆಗಳನ್ನು ಒಟ್ಟಿಗೆ ಒಡ್ಡಿದರೆ ಒಂದೂ ಸಲ್ಲುವುದಿಲ್ಲ. ಮೇಲಾಗಿ ಇವು ಮೂರೂ ಬರೆದವನಿಗೆ ಬೇಕಾದವು, ಓದಿದವಳಿಗೆ ಬೇಕಾದವಲ್ಲ. ಕೊನೆಯ ಸ್ಲೈಡು ಓದುವವಳ ಕೈಗೆ ಒಂದು ಕೆಲಸವನ್ನು ಕೊಡಬೇಕು, ಅದು ಒಂದೇ ಆಗಿರಬೇಕು, ಎದ್ದು ಹೋಗಿ ತಟ್ಟನೆ ಮಾಡುವಂತಿರಬೇಕು. ‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ಯಾರೂ ತಿಳಿಸುವುದಿಲ್ಲ. ಅಭಿಪ್ರಾಯವನ್ನು ಹುಟ್ಟಿಸಿಕೊಳ್ಳುವುದು ಶ್ರಮದ ಕೆಲಸ. ಅಂಕಿಯೊಂದನ್ನು ಕೇಳಿದರೆ ಹೇಳುತ್ತಾರೆ. ತಂಗಿ ಯೋಚಿಸಿ ಹೇಳಿದ್ದನ್ನು ಒಂದಕ್ಷರವೂ ತಿದ್ದದೆ, ಬರಹದ ರೂಪಕ್ಕೆ ಮಾತ್ರ ತಂದು ಹಾಕಿದೆ: ‘ನಿಮ್ಮ ಮನೆಯಲ್ಲಿ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತದೆ? ಗೊತ್ತಿಲ್ಲವಾದರೆ ಇವತ್ತಿನ ತಾರೀಖಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.’ ತಂಗಿ ನಕ್ಕು, “ಇವತ್ತ ಅಲ್ಲಣ್ಣಾ, ಸಿಲಿಂಡರ್ ಹಚ್ಚಿದ ದಿನ” ಎಂದಳು. ‘ಹೊಸ ಸಿಲಿಂಡರ್ ಹಚ್ಚಿದ ದಿನ’ ಎಂದು ಬರೆದು ಪ್ರಕಟಿಸಿದೆವು.

ಮೊದಲ ವಾರದಲ್ಲಿ ಬಂದ ಉತ್ತರಗಳು ಹೆಚ್ಚಲ್ಲ. ಆದರೆ ಬಂದವೆಲ್ಲ ಅಂಕಿಗಳು. ಒಬ್ಬರು 30 ಎಂದರು, ಒಬ್ಬರು 55. ಹಾಡುಹಗಲೇ ಯಾರೋ ಒಬ್ಬರು 120 ಎಂದು ಬರೆದಾಗ ಅಳಿಯ ಅದನ್ನು ಸುಳ್ಳೆಂದು ಅಳಿಸಲು ಹೊರಟ. ತಂಗಿ ತಡೆದಳು. ಬರೆದವಳು ಸಂಘದವಳೇ, ಅವಳ ಮನೆಯಲ್ಲಿ ಅಡುಗೆಯೆಲ್ಲ ಕಟ್ಟಿಗೆಯ ಮೇಲೆ, ಚಹಾ ಮಾತ್ರ ಗ್ಯಾಸಿನ ಮೇಲೆ. ಗುಂಜಿಯ ಮಳೆಗಾಲದಲ್ಲಿ ಕಟ್ಟಿಗೆ ಒದ್ದೆಯಾದಾಗ ಅವಳು ಏನು ಮಾಡುತ್ತಾಳೆ, ಆಗ ಸಿಲಿಂಡರು ಎಷ್ಟು ದಿನ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಬೇಕೆಂದು ತಂಗಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬೇರೊಂದು ಗೆರೆಯನ್ನು ಎಳೆದಿದ್ದಾಳೆ.